ಅಜ್ಜಿಯ ಅರ್ಜಿ ಯಾರ ಮೇಜಿನ ಮೇಲಿದೆ?

ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಕೊಟ್ಟರೆ ಒಂದು ಸ್ವೀಕೃತಿ ಚೀಟಿ ಸಿಗುತ್ತದೆ. ಅದರ ಮೇಲೆ RD ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. RD ಎಂದರೆ ಕಂದಾಯ ಇಲಾಖೆ. ಮುಂದಿನ ಆರೇಳು ತಿಂಗಳು ಅಜ್ಜಿಯ ಹೆಸರಿಗಿಂತ ಆ ಸಂಖ್ಯೆಯೇ ನನ್ನ ಬಾಯಲ್ಲಿ ಹೆಚ್ಚು ಓಡಾಡಿತು. ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಲಾರಿಗಳು ಖಾಲಿಯಾಗಿ, ತೂಕದ ಚೀಟಿಗಳನ್ನು ಖಾತೆಗೆ ಏರಿಸಿ ಮುಗಿಸುವ ಹೊತ್ತಿಗೆ ಶನಿವಾರ ಸಂಜೆಯಾಗುತ್ತಿತ್ತು. ಆಗ ಅದೇ ಕಂಪ್ಯೂಟರಿನಲ್ಲಿ nadakacheri.karnataka.gov.in ತೆರೆದು, ಸಂಖ್ಯೆ ಹೊಡೆದು, ಸೊಟ್ಟಗೆ ಬರೆದ ಪರೀಕ್ಷಾ ಅಕ್ಷರಗಳನ್ನು ಓದಿ ತುಂಬಿ, ಅರ್ಜಿಯ ಸ್ಥಿತಿ ನೋಡುವುದು ನನ್ನ ವಾರದ ಕೊನೆಯ ಕೆಲಸವಾಗಿತ್ತು. ಭಾನುವಾರ ಬೆಳಿಗ್ಗೆ ಊರಿನಿಂದ ಅಜ್ಜಿಯ ಫೋನ್ ಬರುತ್ತಿತ್ತು.

"ಏನಪ್ಪಾ, ನನ್ನ ಸಂಬಳ ಎಲ್ಲಿಯವರೆಗೆ ಬಂದಿದೆ?"

ನಮ್ಮ ಊರು ಜಗಳೂರು ತಾಲ್ಲೂಕಿನಲ್ಲಿದೆ. ಅಜ್ಜಿ ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲವೂ ಚಿತ್ರದುರ್ಗ ಜಿಲ್ಲೆಯಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅವರು ಮನೆಯಿಂದ ಒಂದು ಹೆಜ್ಜೆ ಕದಲದೆಯೇ ಜಿಲ್ಲೆ ಬದಲಾಯಿಸಿದರು. ಅವರ ಹಳೆಯ ಕಾಗದಗಳಲ್ಲಿ ಇನ್ನೂ ಚಿತ್ರದುರ್ಗವೇ ಇದೆ. ಅರ್ಜಿಗೆ ಆ ಕಾಗದಗಳು ಬೇಕಾಗಲಿಲ್ಲ, ಆಧಾರ್ ಸಾಕಾಯಿತು. ಆಧಾರ್‌ನಲ್ಲಿ ಅಜ್ಜಿ 1959ರ ಜನವರಿ 1ರಂದು ಹುಟ್ಟಿದ್ದಾರೆ. ನಮ್ಮ ಬೀದಿಯ ಹಿರಿಯರಲ್ಲಿ ಹೆಚ್ಚಿನವರು ಜನವರಿ 1ರಂದೇ ಹುಟ್ಟಿದವರು. ವರ್ಷ ಮಾತ್ರ ಬೇರೆ ಬೇರೆ, ಅದೂ ಆಧಾರ್ ಶಿಬಿರಕ್ಕೆ ಬಂದಿದ್ದ ಹುಡುಗ ಮುಖ ನೋಡಿ ಬರೆದ ವರ್ಷ. ಅಜ್ಜಿಯನ್ನು ಅವನು ನಾಲ್ಕಾರು ವರ್ಷವಾದರೂ ಚಿಕ್ಕವರನ್ನಾಗಿ ಮಾಡಿದ್ದಾನೆ ಎಂಬುದು ನಮ್ಮ ತಂದೆಯವರ ದೂರು. ಅಷ್ಟಾದರೂ 2025ರ ಹೊತ್ತಿಗೆ ಅರವತ್ತೈದು ದಾಟಿತ್ತು.

ಅರವತ್ತೈದು ದಾಟಿದ್ದು ಏಕೆ ಮುಖ್ಯವಾಯಿತು ಎಂದರೆ, ಕೌಂಟರಿನಲ್ಲಿದ್ದ ಆಪರೇಟರ್ ಅಜ್ಜಿಯ ಬೋಳು ಹಣೆ ನೋಡಿದವರೇ ವಿಧವಾ ವೇತನದ ಅರ್ಜಿ ತೆರೆದಿದ್ದರು. ಅಜ್ಜ ತೀರಿಕೊಂಡು ಒಂದು ವರ್ಷವಾಗಿತ್ತು, ಮರಣ ಪ್ರಮಾಣ ಪತ್ರವೂ ನನ್ನ ಚೀಲದಲ್ಲಿತ್ತು, ಆದ್ದರಿಂದ ಅವರ ಊಹೆ ತಪ್ಪಲ್ಲ. ಆದರೆ ವಿಧವಾ ವೇತನ ತಿಂಗಳಿಗೆ ₹800. ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ₹1,200. ಎರಡರಲ್ಲಿ ಒಂದನ್ನು ಮಾತ್ರ ಪಡೆಯಬಹುದು. ಇನ್ನೊಂದು ಪಿಂಚಣಿ ಪಡೆಯುತ್ತಿರುವವರಿಗೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ. ಒಮ್ಮೆ ವಿಧವಾ ವೇತನ ಮಂಜೂರಾದರೆ ಅದನ್ನು ಬಿಡಿಸಿ ಇನ್ನೊಂದಕ್ಕೆ ಸೇರಿಸಲು ಮತ್ತೆ ಓಡಾಡಬೇಕು. ನಾನು ಹೇಳಿದಾಗ ಆಪರೇಟರ್ ಬೇಸರಿಸಿಕೊಳ್ಳದೆ ಆ ಪುಟ ಮುಚ್ಚಿ ಬೇರೆ ಪುಟ ತೆರೆದರು. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣ ಪತ್ರ, ಫೋಟೊ, ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಇಷ್ಟನ್ನು ಸ್ಕ್ಯಾನ್ ಮಾಡಿಕೊಂಡರು. ವಾರ್ಷಿಕ ಆದಾಯ ₹32,000 ಮೀರಿರಬಾರದು. ಅಜ್ಜಿಯ ಪ್ರಮಾಣ ಪತ್ರದಲ್ಲಿ ಅದಕ್ಕಿಂತ ಬಹಳ ಕಡಿಮೆ ಇತ್ತು. ಸಂಕ್ರಾಂತಿಯ ಮರುದಿನ ಅಥವಾ ಅದರ ಮರುದಿನ ಇರಬೇಕು, ಅರ್ಜಿ ದಾಖಲಾಯಿತು.

ಅರ್ಜಿ ಸಾಗುವ ದಾರಿಯನ್ನು ಒಮ್ಮೆ ತಿಳಿದುಕೊಂಡರೆ ಪರದೆಯ ಮೇಲಿನ ಮಾತು ಅರ್ಥವಾಗತೊಡಗುತ್ತದೆ. ಮೊದಲು ಅದು ಗ್ರಾಮ ಆಡಳಿತ ಅಧಿಕಾರಿಯ ಬಳಿಗೆ ಹೋಗುತ್ತದೆ, ಅಂದರೆ ಹಿಂದೆ ನಾವು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರ ಬಳಿಗೆ. ಅವರು ಊರಿಗೆ ಬಂದು, ಅರ್ಜಿದಾರರು ನಿಜವಾಗಿಯೂ ಅಲ್ಲಿ ವಾಸವಾಗಿದ್ದಾರೆಯೇ, ಬದುಕು ಹೇಗಿದೆ ಎಂದು ನೋಡಿ ವರದಿ ಕೊಡಬೇಕು. ಅಲ್ಲಿಂದ ಕಂದಾಯ ನಿರೀಕ್ಷಕರು, ಅವರಿಂದ ನಾಡಕಚೇರಿಯ ಉಪ ತಹಶೀಲ್ದಾರ್, ಕೊನೆಗೆ ತಾಲ್ಲೂಕು ತಹಶೀಲ್ದಾರರ ಮಂಜೂರಾತಿ. ಆನ್‌ಲೈನ್ ಸ್ಥಿತಿ ಪುಟ ಹೇಳುವುದು ಇಷ್ಟೇ: ಈಗ ಅರ್ಜಿ ಇವರಲ್ಲಿ ಯಾರ ಬಳಿ ಬಾಕಿ ಇದೆ. ಏಕೆ ಬಾಕಿ ಇದೆ ಎಂದು ಅದು ಹೇಳುವುದಿಲ್ಲ. ಅಧಿಕಾರಿ ರಜೆಯಲ್ಲಿದ್ದರೂ Pending, ಏನೋ ಕಾಗದ ಕಡಿಮೆಯಿದೆ ಎಂದು ತೆಗೆದಿಟ್ಟಿದ್ದರೂ Pending, ಯಾರೂ ತೆರೆದೇ ನೋಡಿಲ್ಲದಿದ್ದರೂ Pending.

ಹಾಗಾಗಿ ವಾರಕ್ಕೊಮ್ಮೆ ನೋಡುವುದರಲ್ಲಿ ಒಂದು ಕ್ರಮ ಬೇಕಾಯಿತು. ಅಂಗಡಿಯ ಹಳೆಯ ರೋಜು ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ, ಎದುರಿಗೆ ಯಾರ ಮೇಜು ಎಂದು ಬರೆಯುತ್ತಾ ಹೋದೆ. ಬದಲಾವಣೆ ಇಲ್ಲದಿದ್ದರೂ ಬರೆಯುತ್ತಿದ್ದೆ. ಒಂದೇ ಮೇಜು ಸಾಲಾಗಿ ಬರುತ್ತಾ ಹೋದಾಗ, ಕಾಯಬೇಕೋ ಹೋಗಿ ಕೇಳಬೇಕೋ ಎಂಬುದು ಆ ಹಾಳೆ ನೋಡಿದರೆ ತಿಳಿಯುತ್ತಿತ್ತು. ಪುಟದಲ್ಲಿ ಹಿಂದಿನ ವಾರದ ಸ್ಥಿತಿ ನೋಡುವ ದಾರಿ ನನಗಂತೂ ಕಾಣಲಿಲ್ಲ. ಅದಕ್ಕೆ ಗೊತ್ತಿರುವುದು ಇವತ್ತು ಮಾತ್ರ.

ಈ ಪುಟ ನೋಡಲು ಓಟಿಪಿ ಬೇಡ ಎಂಬುದು ದೊಡ್ಡ ಅನುಕೂಲ. ಸಂಖ್ಯೆ ಗೊತ್ತಿದ್ದರೆ ದಾವಣಗೆರೆಯಲ್ಲಿ ಕುಳಿತು ಜಗಳೂರಿನ ಅರ್ಜಿ ನೋಡಬಹುದು. ಒಂದೇ ತೊಡಕು, ಸಂಖ್ಯೆಯಲ್ಲಿ RD ಆದಮೇಲೆ ಬರುವ ಸೊನ್ನೆಗಳನ್ನು ಇಂಗ್ಲಿಷಿನ O ಎಂದು ಹೊಡೆದರೆ ದಾಖಲೆಯೇ ಇಲ್ಲ ಎನ್ನುತ್ತದೆ. ನಮ್ಮ ಅಂಗಡಿಯ ಹಮಾಲರೊಬ್ಬರು ತಮ್ಮ ತಾಯಿಯ ಅರ್ಜಿ ಕಳೆದುಹೋಗಿದೆ ಎಂದು ತಿಂಗಳುಗಟ್ಟಲೆ ನಂಬಿದ್ದರು. ಅವರ ಮಗ ಹಾಗೆಯೇ ಹೊಡೆಯುತ್ತಿದ್ದನಂತೆ.

ಫೆಬ್ರುವರಿ ಪೂರ್ತಿ ಅರ್ಜಿ ಗ್ರಾಮ ಆಡಳಿತ ಅಧಿಕಾರಿಯ ಬಳಿಯೇ ಇತ್ತು. ಕಾರಣವನ್ನು ಪರದೆ ಹೇಳಲಿಲ್ಲ, ಪತ್ರಿಕೆ ಹೇಳಿತು. ಆ ತಿಂಗಳು ರಾಜ್ಯದಾದ್ಯಂತ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದರು. ಹಲವಾರು ಮೊಬೈಲ್ ಆ್ಯಪ್‌ಗಳ ಕೆಲಸವನ್ನು ತಮ್ಮ ತಲೆಗೆ ಕಟ್ಟಿದ್ದಾರೆ, ಕೂರಲು ಸರಿಯಾದ ಕಚೇರಿಯಿಲ್ಲ, ಕೆಲಸಕ್ಕೆ ಬೇಕಾದ ಸಲಕರಣೆಯಿಲ್ಲ ಎಂಬುದು ಅವರ ಅಳಲು. ಅವರು ಹೇಳುವುದರಲ್ಲಿ ನ್ಯಾಯವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಜ್ಜಿಗೆ ಅದನ್ನು ವಿವರಿಸುವುದು ಸುಲಭವಾಗಿರಲಿಲ್ಲ.

"ಅವರಿಗೂ ಸಂಬಳ ಸಾಲದೇ?" ಎಂದು ಕೇಳಿದರು.

"ಸಂಬಳದ ಮಾತಲ್ಲ ಅಜ್ಜಿ, ಕೆಲಸ ಜಾಸ್ತಿಯಂತೆ."

"ನನಗೂ ಜಾಸ್ತಿಯೇ ಇತ್ತು. ನಾನು ಯಾರ ಹತ್ತಿರ ಹೇಳಲಿ?"

ಮುಷ್ಕರ ಮುಗಿದು ಕೆಲಸ ಶುರುವಾದರೂ ನನ್ನ ಹಾಳೆಯಲ್ಲಿ ಮೇಜು ಬದಲಾಗಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ ತಂದೆಯವರು ಲೆಕ್ಕ ಹಾಕಿ, ನಲವತ್ತೈದು ದಿನ ಆಗಿಹೋಯಿತು, ಸರ್ಕಾರಿ ಸೇವೆಗಳಿಗೆ ದಿನ ಗೊತ್ತುಮಾಡುವ ಸಕಾಲ ಕಾನೂನಿನ ಗಡುವು ಮುಗಿಯಿತು ಎಂದರು. ಸಾಮಾಜಿಕ ಭದ್ರತಾ ಪಿಂಚಣಿಗಳಿಗೆ ಸಕಾಲದಲ್ಲಿ 45 ದಿನಗಳ ಗಡುವು ಇರುವುದು ನಿಜ. ಆದರೆ ಅವು ಕೆಲಸದ ದಿನಗಳು. ಭಾನುವಾರಗಳನ್ನು, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನು, ಶಿವರಾತ್ರಿಯನ್ನು ತೆಗೆದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದರೆ, ಜನವರಿ ಮಧ್ಯದಲ್ಲಿ ಕೊಟ್ಟ ಅರ್ಜಿಗೆ ಗಡುವು ಮಾರ್ಚ್ ಮಧ್ಯಕ್ಕೆ ಬರುತ್ತದೆ. ಹೆಚ್ಚು ಕಡಿಮೆ ಎರಡು ತಿಂಗಳು. ಅದಕ್ಕೂ ಮೊದಲೇ ಹೋಗಿ ಸಕಾಲ ಎಂದು ಮಾತೆತ್ತಿದರೆ, ಇನ್ನೂ ಸಮಯವಿದೆ ಎಂದು ನಯವಾಗಿ ಕಳಿಸುತ್ತಾರೆ, ಮತ್ತು ಅವರು ಹೇಳುವುದು ಸರಿಯಾಗಿಯೇ ಇರುತ್ತದೆ.

ಗಡುವು ದಾಟಿದ ಮೇಲೆ ಏನು ಮಾಡಬಹುದು ಎಂಬುದೂ ಕಾನೂನಿನಲ್ಲಿದೆ. ಸಕಾಲ ಸಹಾಯವಾಣಿ 080-44554455ಕ್ಕೆ ಕರೆ ಮಾಡಬಹುದು. ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಹಶೀಲ್ದಾರರು ಕೊಡಬೇಕಾದ ಸೇವೆಯಾದರೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ ಹೋಗುತ್ತದೆ. ತಡವಾದ ದಿನಕ್ಕೆ ₹20ರಂತೆ, ₹500 ಮೀರದಂತೆ ಅರ್ಜಿದಾರರಿಗೆ ಪರಿಹಾರ ವೆಚ್ಚ ಸಲ್ಲಬೇಕು, ಅದು ತಡಕ್ಕೆ ಹೊಣೆಯಾದ ಅಧಿಕಾರಿಯ ಸಂಬಳದಿಂದ ವಸೂಲಾಗುತ್ತದೆ. ಮೇಲ್ಮನವಿ ಬರೆದು ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಹೋದಾಗ ಅವರು ಕೈ ಹಿಂದೆಗೆದುಕೊಂಡರು.

"ಊರಿಗೆ ಬರುವ ಆ ಹುಡುಗಿಯ ಸಂಬಳದಲ್ಲಿ ಕಡಿಯುತ್ತಾರೆ ಎನ್ನುತ್ತಿದ್ದೀಯಲ್ಲ, ನಾಳೆ ಅವಳು ನಮ್ಮ ಮನೆಗೆ ಬಂದಾಗ ನಾನು ನೀರು ಕೊಡುವುದು ಹೇಗೆ?"

ಹಕ್ಕು, ಕಾನೂನು ಎಂದು ನಾನು ಒಂದಿಷ್ಟು ಮಾತಾಡಿದೆ. ನಾಳೆ ಪಹಣಿಗೂ ಅವಳ ಹತ್ತಿರವೇ ಹೋಗಬೇಕು ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. ಹೆಬ್ಬೆಟ್ಟು ಇಲ್ಲದ ಮೇಲ್ಮನವಿಯನ್ನು ಜೇಬಿನಲ್ಲಿಟ್ಟುಕೊಂಡು ನಾಡಕಚೇರಿಗೆ ಹೋದೆ.

ಅಲ್ಲಿಗೆ ಹೋದದ್ದರಿಂದಲೇ ನಿಜ ತಿಳಿಯಿತು. ಸಾರ್ವಜನಿಕರಿಗೆ ಕಾಣುವ ಪುಟದಲ್ಲಿ ಇಲ್ಲದ ಒಂದು ಸಾಲು ಕಚೇರಿಯ ಲಾಗಿನ್‌ನಲ್ಲಿ ಇತ್ತು. ಗ್ರಾಮ ಆಡಳಿತ ಅಧಿಕಾರಿ ಮುಷ್ಕರ ಮುಗಿಸಿ ಬಂದ ಕೂಡಲೇ ಊರಿಗೆ ಹೋಗಿದ್ದರು. ಮನೆಗೆ ಬೀಗ ಹಾಕಿತ್ತು. ಎದುರು ಮನೆಯವರನ್ನು ಕೇಳಿದಾಗ, "ಅವರು ದಾವಣಗೆರೆಗೆ ಮಗನ ಮನೆಗೆ ಹೋದರು" ಎಂದಿದ್ದಾರೆ. ಅರ್ಜಿದಾರರು ಸ್ಥಳದಲ್ಲಿ ವಾಸವಿಲ್ಲ ಎಂದು ಷರಾ ಬಿದ್ದಿದೆ. ಅಜ್ಜಿ ದಾವಣಗೆರೆಗೆ ಬಂದಿದ್ದು ನಿಜ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ಒಲೆಯ ಹೊಗೆ ತಾಗಬಾರದು ಎಂದು ಕೆಲವು ವಾರ ನಮ್ಮಲ್ಲೇ ಇಟ್ಟುಕೊಂಡಿದ್ದೆವು. ಎದುರು ಮನೆಯವರೂ ಸುಳ್ಳು ಹೇಳಿಲ್ಲ, ಅಧಿಕಾರಿಯೂ ಸುಳ್ಳು ಬರೆದಿಲ್ಲ. ಆದರೆ ಆ ಎರಡು ನಿಜಗಳನ್ನು ಕೂಡಿಸಿದರೆ ಅಜ್ಜಿ ಊರಿನವರೇ ಅಲ್ಲ ಎಂದಾಗುತ್ತಿತ್ತು. ವರದಿಯನ್ನು ಹಾಗೆಯೇ ಮುಂದೆ ಕಳಿಸಿದ್ದರೆ ಅರ್ಜಿ ತಿರಸ್ಕಾರವಾಗುತ್ತಿತ್ತು. ಆ ಅಧಿಕಾರಿ ಕಳಿಸದೆ ತಡೆಹಿಡಿದಿದ್ದರು. ಆ ತಡವೇ ಅಜ್ಜಿಯ ಅರ್ಜಿಯನ್ನು ಉಳಿಸಿತ್ತು. ಜೇಬಿನಲ್ಲಿದ್ದ ಮೇಲ್ಮನವಿಯನ್ನು ಹೊರಗೆ ತೆಗೆಯುವ ಪ್ರಮೇಯ ಬರಲಿಲ್ಲ.

ಇದಕ್ಕೆ ಪರಿಹಾರ ಸರಳವಾಗಿತ್ತು. ಆಸ್ಪತ್ರೆಯ ಬಿಡುಗಡೆ ಚೀಟಿಯ ಪ್ರತಿ ಕೊಟ್ಟೆವು, ಅದರಲ್ಲಿ ಒಳಗೆ ಸೇರಿದ ಮತ್ತು ಹೊರಗೆ ಬಂದ ತಾರೀಕುಗಳಿದ್ದವು. ಅಜ್ಜಿ ಊರಿಗೆ ಮರಳಿದ ಮೇಲೆ ಫೋನ್ ಮಾಡಿ ತಿಳಿಸಿದೆವು. ಅಧಿಕಾರಿ ಮತ್ತೆ ಬಂದರು. ಅಕ್ಕಪಕ್ಕದವರ ಸಹಿ ಹಾಕಿಸಿ ಸ್ಥಳ ಮಹಜರು ಬರೆದರು, ಮನೆಯ ಬಾಗಿಲ ಮುಂದೆ ಅಜ್ಜಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದರು. ಕಪ್ಪು ಕನ್ನಡಕ ತೆಗೆಯಬೇಕು ಎಂದಾಗ ಅಜ್ಜಿ ಒಪ್ಪಲಿಲ್ಲವಂತೆ, ಡಾಕ್ಟರು ತೆಗೆಯಬಾರದು ಎಂದಿದ್ದಾರೆ ಎಂದು ಹಟ ಹಿಡಿದರಂತೆ. ಕೊನೆಗೆ ನೆರಳಿಗೆ ಕರೆದೊಯ್ದು ತೆಗೆದರು. ನೀರಲ್ಲ, ಮಜ್ಜಿಗೆಯನ್ನೇ ಕೊಟ್ಟೆ ಎಂದು ಆ ಭಾನುವಾರ ನನಗೆ ವರದಿ ಬಂತು.

ಅದರ ಮುಂದಿನ ಶನಿವಾರ ನನ್ನ ಹಾಳೆಯಲ್ಲಿ ಮೊದಲ ಬಾರಿಗೆ ಹೊಸ ಹೆಸರು ಬಂತು, ಕಂದಾಯ ನಿರೀಕ್ಷಕರು. ಅಲ್ಲಿಂದ ಮುಂದೆ ಹೇಳುವಂಥದ್ದು ಏನೂ ಇಲ್ಲ. ಕೆಳಗಿನ ವರದಿ ಸರಿಯಿದ್ದರೆ ಮೇಲಿನವರು ಹೆಚ್ಚು ಹೊತ್ತು ಹಿಡಿದುಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ Approved ಎಂದು ಬಂತು. ಮಂಜೂರಾತಿ ಆದೇಶದಲ್ಲಿ ಜೂನ್‌ನಿಂದ ತಿಂಗಳಿಗೆ ₹1,200 ಎಂದಿತ್ತು. ಅರ್ಜಿ ಕೊಟ್ಟ ಜನವರಿಯಿಂದ ಲೆಕ್ಕ ಹಿಡಿಯುತ್ತಾರೆ ಎಂದು ಅಜ್ಜಿ ನಂಬಿದ್ದರು. ಹಾಗಾಗಲಿಲ್ಲ. ಕಾದ ತಿಂಗಳುಗಳ ಹಣ ಹೋದಂತೆಯೇ.

ನನಗೆ ನಿಜವಾಗಿ ತಲೆ ತಿಂದದ್ದು ಇದಾದ ಮೇಲಿನ ಭಾಗ. ಅರ್ಜಿಯ ಸ್ಥಿತಿ ಪುಟ Approved ಎಂದು ಹೇಳಿ ಮೌನವಾಗಿಬಿಡುತ್ತದೆ. ಹಣ ಹೊರಟಿತೇ, ಎಲ್ಲಿಗೆ ಹೊರಟಿತು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಣ ಹೋಗುವುದು ಖಜಾನೆಯ ಇನ್ನೊಂದು ವ್ಯವಸ್ಥೆಯಿಂದ. ಜುಲೈನಲ್ಲಿ ಚಿಕ್ಕಪ್ಪ ಅಜ್ಜಿಯ ಪಾಸ್‌ಬುಕ್ಕನ್ನು ಗ್ರಾಮೀಣ ಬ್ಯಾಂಕಿಗೆ ಒಯ್ದು ಮುದ್ರಿಸಿಕೊಂಡು ಬಂದರು. ಬಡ್ಡಿಯ ಎರಡು ಸಾಲು ಬಿಟ್ಟರೆ ಏನೂ ಇಲ್ಲ. ಆಗಸ್ಟ್ ಮೊದಲ ವಾರದಲ್ಲೂ ಅಷ್ಟೇ.

ಸುದ್ದಿ ಊರೆಲ್ಲ ಹಬ್ಬಿತು. ಒಬ್ಬರು ಖಾತೆಗೆ ಪ್ಯಾನ್ ಕಾರ್ಡ್ ಇಲ್ಲ ಅದಕ್ಕೆ ಎಂದರು. ಇನ್ನೊಬ್ಬರು ಕೆವೈಸಿ ಎಂದರು. ಮತ್ತೊಬ್ಬರು, ಮಗ ಪೇಟೆಯಲ್ಲಿದ್ದಾನೆ ಎಂದು ಯಾರೋ ಅರ್ಜಿ ಹಾಕಿ ನಿಲ್ಲಿಸಿದ್ದಾರೆ ಎಂದರು. ಅಜ್ಜಿಗೆ ಮೂರನೆಯದು ಹೆಚ್ಚು ರುಚಿಸಿತು, ಯಾರು ಎಂಬುದನ್ನೂ ಮನಸ್ಸಿನಲ್ಲೇ ತೀರ್ಮಾನಿಸಿದರು.

ಪಿಂಚಣಿ ಸಹಾಯವಾಣಿ 155245ಕ್ಕೆ ಕರೆ ಮಾಡಿದೆ. ಆಧಾರ್ ಸಂಖ್ಯೆ ಕೇಳಿ ದೂರು ಬರೆದುಕೊಂಡರು. ಆದರೆ ಸುಳಿವು ಸಿಕ್ಕಿದ್ದು ತಾಲ್ಲೂಕು ಕಚೇರಿಯ ಪಿಂಚಣಿ ವಿಭಾಗದ ವಿಷಯ ನಿರ್ವಾಹಕರಿಂದ. ಅವರು ಪರದೆ ನೋಡಿ ಹೇಳಿದ್ದು ಒಂದೇ ವಾಕ್ಯ: "ಹಣ ಹೋಗಿದೆ, ವಾಪಸ್ ಬಂದಿಲ್ಲ." ಆಗ ಅರ್ಥವಾಗದಿದ್ದರೂ, ದಾವಣಗೆರೆಯ ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಅದರ ಬೆಲೆ ತಿಳಿಯಿತು. ಲೆಕ್ಕ ಬರೆಯುವವನಿಗೆ ಇದು ಹೊಸದಲ್ಲ. ಖಾತೆ ಮುಚ್ಚಿದ್ದರೆ ಅಥವಾ ಆಧಾರ್ ಯಾವ ಬ್ಯಾಂಕಿಗೂ ಜೋಡಣೆಯಾಗದೇ ಇದ್ದರೆ ಹಣ ತಿರುಗಿ ಬರುತ್ತದೆ. ತಿರುಗಿ ಬಂದಿಲ್ಲ ಎಂದರೆ ಎಲ್ಲೋ ಜಮಾ ಆಗಿದೆ. ಗ್ರಾಮೀಣ ಬ್ಯಾಂಕಿನಲ್ಲಿ ಇಲ್ಲ ಎಂದರೆ ಅಜ್ಜಿಯ ಹೆಸರಿನಲ್ಲಿ ಇನ್ನೊಂದು ಖಾತೆ ಇರಲೇಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅರ್ಜಿಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಕೇಳುತ್ತಾರೆ, ಪಾಸ್‌ಬುಕ್ಕಿನ ಪ್ರತಿ ಪಡೆಯುತ್ತಾರೆ, ಆದ್ದರಿಂದ ಹಣ ಅಲ್ಲಿಗೇ ಬರುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಹಣ ಹೋಗುವುದು ಆಧಾರ್ ಸಂಖ್ಯೆಯ ಮೇಲೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಬಳಿ ಇರುತ್ತದೆ. ಒಬ್ಬರು ನಾಲ್ಕು ಬ್ಯಾಂಕುಗಳಲ್ಲಿ ಆಧಾರ್ ಕೊಟ್ಟಿರಬಹುದು, ಆ ಪಟ್ಟಿಯಲ್ಲಿ ಮಾತ್ರ ಒಬ್ಬರಿಗೆ ಒಂದೇ ಬ್ಯಾಂಕ್. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಜೋಡಣೆಗೆ ಒಪ್ಪಿಗೆ ಕೊಟ್ಟಿರುತ್ತಾರೋ ಅದು ಹಿಂದಿನದನ್ನು ಅಳಿಸಿ ತಾನು ಕುಳಿತುಕೊಳ್ಳುತ್ತದೆ. ಸೊಸೆ ಬಂದ ಮೇಲೆ ಬೀಗದ ಕೈಗೊಂಚಲು ಅವಳ ಸೊಂಟಕ್ಕೆ ಹೋದ ಹಾಗೆ. ಹಳೆಯ ಖಾತೆ ಜೀವಂತವಾಗಿಯೇ ಇರುತ್ತದೆ, ಬರುವ ಹಣ ಮಾತ್ರ ಹೊಸದಕ್ಕೆ ಹೋಗುತ್ತದೆ.

ಅಜ್ಜಿಯ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೈಆಧಾರ್ ತಾಣದಲ್ಲಿ Bank Seeding Status ಎಂಬಲ್ಲಿ ನೋಡಬಹುದು. ಅದಕ್ಕೆ ಓಟಿಪಿ ಬೇಕು. ಓಟಿಪಿ ಬರುವುದು ಆಧಾರ್‌ಗೆ ಕೊಟ್ಟ ಮೊಬೈಲ್ ಸಂಖ್ಯೆಗೆ. ಅಜ್ಜಿಯ ಆಧಾರ್‌ನಲ್ಲಿದ್ದದ್ದು ಅಜ್ಜನ ಹಳೆಯ ಸಂಖ್ಯೆ. ಅಜ್ಜ ತೀರಿಕೊಂಡ ಮೇಲೆ ಆ ಸಿಮ್‌ಗೆ ಯಾರೂ ಹಣ ಹಾಕಿರಲಿಲ್ಲ, ಸಂಖ್ಯೆ ರದ್ದಾಗಿತ್ತು. ಅರ್ಜಿಯ ಸ್ಥಿತಿಯನ್ನು ಯಾರು ಬೇಕಾದರೂ ನೋಡಬಹುದು, ಹಣದ ದಾರಿಯನ್ನು ಮಾತ್ರ ತೀರಿಹೋದ ಫೋನು ಹೇಳಬೇಕು.

ಮೊಬೈಲ್ ಸಂಖ್ಯೆ ಬದಲಾಯಿಸಲು ಅಜ್ಜಿಯನ್ನು ಜಗಳೂರಿನ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಸಾಲಿನಲ್ಲಿ ನಿಲ್ಲಿಸಬೇಕಾಗಿತ್ತು. ಚಿಕ್ಕಪ್ಪ ಬೇರೆ ದಾರಿ ಹೇಳಿದರು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಸಾಧನ ಇರುವ ಅಂಚೆಯವರು ಮನೆಗೇ ಬಂದು ಆಧಾರ್‌ನ ಮೊಬೈಲ್ ಸಂಖ್ಯೆಯನ್ನು ಬದಲಾಯಿಸಿಕೊಡುತ್ತಾರೆ. ನಮ್ಮ ಊರಿಗೆ ಬರುವ ಅಂಚೆಯಣ್ಣ ಆ ಕೆಲಸ ಮಾಡುತ್ತಾರೆ. ಅವರು ಬಂದು ಅಜ್ಜಿಯ ಬೆರಳು ಒತ್ತಿಸಿಕೊಂಡರು. ಹೆಬ್ಬೆರಳು ಯಂತ್ರಕ್ಕೆ ಹಿಡಿಯಲಿಲ್ಲ. ಜೀವಮಾನವಿಡೀ ಶೇಂಗಾ ಬಿಡಿಸಿ, ಈರುಳ್ಳಿ ಕಿತ್ತು ರೇಖೆಗಳು ಸವೆದಿವೆ. ಒಣ ಬಟ್ಟೆಯಿಂದ ಒರೆಸಿ ಒರೆಸಿ ಒತ್ತಿಸಿ, ಕೊನೆಗೆ ಎಡಗೈಯ ಉಂಗುರ ಬೆರಳು ಹಿಡಿಯಿತು. ಹೊಸ ಸಂಖ್ಯೆಯಾಗಿ ನನ್ನದನ್ನೇ ಕೊಟ್ಟೆವು.

ಒಂದೆರಡು ದಿನ ಬಿಟ್ಟು ಓಟಿಪಿ ನನ್ನ ಫೋನಿಗೆ ಬಂತು. ಪುಟ ತೆರೆಯಿತು. ಜೋಡಣೆ ಚಾಲ್ತಿಯಲ್ಲಿದೆ ಎಂದಿತ್ತು, ಬ್ಯಾಂಕಿನ ಹೆಸರು ಇತ್ತು, ಖಾತೆಯ ಸಂಖ್ಯೆ ಇರಲಿಲ್ಲ. ಆ ಪಟ್ಟಿಯಲ್ಲಿ ಇರುವುದೇ ಬ್ಯಾಂಕಿನ ಹೆಸರು ಮಾತ್ರ. ಹೆಸರು India Post Payments Bank. ಅಂದರೆ, ಮೊನ್ನೆ ಅಜ್ಜಿಯ ಬೆರಳು ಒರೆಸಿ ಕುಳಿತಿದ್ದ ಅಂಚೆಯಣ್ಣನ ಚೀಲದಲ್ಲೇ ಅಜ್ಜಿಯ ಹಣ ತೆಗೆಯುವ ಯಂತ್ರವೂ ಇತ್ತು.

ಫೋನ್ ಮಾಡಿದಾಗ ಅವರು ನೆನಪಿಸಿಕೊಂಡರು. ಕೆಲವು ವರ್ಷಗಳ ಹಿಂದೆ ಮನೆಮನೆಗೆ ಹೋಗಿ ಖಾತೆ ತೆರೆಯುವ ಗುರಿ ಕೊಟ್ಟಿದ್ದರಂತೆ. ಆಗ ಅಜ್ಜ, ಅಜ್ಜಿ ಇಬ್ಬರದೂ ತೆರೆದಿದ್ದರು. ಖಾತೆಯ ಜೊತೆಗೆ ಆಧಾರ್ ಜೋಡಣೆಗೂ ಬೆರಳು ಬಿದ್ದಿದೆ. ಅಜ್ಜಿಯನ್ನು ಕೇಳಿದರೆ, ಹೌದು, ಪೋಸ್ಟಿನವನು ಒಂದು ಕಾರ್ಡ್ ಕೊಟ್ಟಿದ್ದ ಎಂದು ಟ್ರಂಕಿನಿಂದ ತೆಗೆದು ಚಿಕ್ಕಪ್ಪನಿಗೆ ತೋರಿಸಿದರು. ಚೌಕಾಕಾರದ ಕಪ್ಪು ಚುಕ್ಕಿಗಳ ಆ ಕ್ಯೂಆರ್ ಕಾರ್ಡನ್ನು ಅವರು ಪಡಿತರದ ಯಾವುದೋ ಚೀಟಿ ಎಂದು ಜೋಪಾನ ಮಾಡಿದ್ದರು. ಅಂಚೆಯಣ್ಣ ಮರುದಿನ ಬಂದು ಅದೇ ಉಂಗುರ ಬೆರಳು ಒತ್ತಿಸಿ ನೋಡಿದರು. ಜೂನ್, ಜುಲೈ ಎರಡೂ ತಿಂಗಳ ₹2,400 ಅಲ್ಲೇ ಇತ್ತು.

ಅರ್ಜಿ ನಿಲ್ಲಿಸಿದವರು ಎಂದು ತೀರ್ಮಾನಿಸಿದ್ದವರ ಮನೆಗೆ ಅಜ್ಜಿ ಆ ಸಂಜೆ ಅವರೆಕಾಯಿ ಕೊಟ್ಟು ಬಂದರಂತೆ. ಅವರಿಗೆ ಕಾರಣ ತಿಳಿದಿರಲಿಕ್ಕಿಲ್ಲ.

ಇನ್ನು ಉಳಿದದ್ದು, ಜೋಡಣೆಯನ್ನು ಗ್ರಾಮೀಣ ಬ್ಯಾಂಕಿಗೆ ತಿರುಗಿಸಬೇಕೇ ಎಂಬುದು. ಚಿಕ್ಕಪ್ಪ ತಿರುಗಿಸೋಣ ಎಂದರು, ಬ್ಯಾಂಕು ಬ್ಯಾಂಕೇ ಎಂಬ ಭಾವನೆ ಅವರದು. ಬ್ಯಾಂಕಿಗೆ ಹೋಗಿ ಒಪ್ಪಿಗೆ ಪತ್ರ ತುಂಬಿಕೊಟ್ಟರೆ ಆಗುವ ಕೆಲಸ ಅದು. ನನಗೆ ಎರಡು ಅನುಮಾನಗಳಿದ್ದವು. ಬದಲಾವಣೆ ಪಟ್ಟಿಗೆ ಏರುವ ದಿನಗಳಲ್ಲೇ ಪಿಂಚಣಿ ಹೊರಟರೆ ಆ ತಿಂಗಳ ಕಂತು ಎಲ್ಲಿಗೆ ಹೋಯಿತು ಎಂದು ಮತ್ತೆ ಹುಡುಕಬೇಕು. ಅದಕ್ಕಿಂತ ಹೆಚ್ಚಾಗಿ, ಬ್ಯಾಂಕು ಇರುವುದು ಪಕ್ಕದ ದೊಡ್ಡ ಊರಿನಲ್ಲಿ. ಆಟೋಗೆ ಹೋಗಿ ಬರಲು ಕೊಡುವ ಹಣವನ್ನು ₹1,200ರಿಂದ ಕಳೆದರೆ ಉಳಿಯುವ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಅಂಚೆಯಣ್ಣ ಜಗಲಿಗೇ ಬರುತ್ತಾರೆ. ಬೆರಳು ಹಿಡಿಯದ ದಿನ ಏನು ಮಾಡುವುದು ಎಂದು ಚಿಕ್ಕಪ್ಪ ಕೇಳಿದರು. ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಮೇಲೆ ಹಣ ಕೊಡಬಹುದು ನಿಜ, ಅದಕ್ಕಾಗಿಯೇ ಹಳೆಯ ಖಾತೆಯನ್ನು ಮುಚ್ಚದೆ ಹಾಗೆಯೇ ಇಟ್ಟಿದ್ದೇವೆ. ಅಜ್ಜಿ ಈ ಚರ್ಚೆಯನ್ನೆಲ್ಲ ಕೇಳಿ, "ಪೋಸ್ಟಿನವನೇ ಇರಲಿ, ಅವನು ಬಂದರೆ ಊರಿನ ಸುದ್ದಿಯನ್ನಾದರೂ ಹೇಳುತ್ತಾನೆ" ಎಂದರು.

ಈಗ ನಾಡಕಚೇರಿಯ ಪುಟವನ್ನು ನಾನು ತೆರೆಯುವುದಿಲ್ಲ, ಅಲ್ಲಿ ನೋಡಲು ಏನೂ ಉಳಿದಿಲ್ಲ. ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡಿದ್ದೇನೆ. ಒಮ್ಮೆ ಆಧಾರ್ ಓಟಿಪಿ ಕೊಟ್ಟು ನಾಲ್ಕಂಕಿಯ ಗುಪ್ತ ಸಂಖ್ಯೆ ಇಟ್ಟುಕೊಂಡರೆ, ಯಾವ ಯೋಜನೆಯ ಎಷ್ಟು ಹಣ ಯಾವ ತಾರೀಕು ಯಾವ ಬ್ಯಾಂಕಿಗೆ ಹೋಯಿತು ಎಂದು ಅದು ತೋರಿಸುತ್ತದೆ. ಮಂಜೂರಾತಿ ಆದ ದಿನವೇ ಅದನ್ನು ನೋಡಲು ಸಾಧ್ಯವಿದ್ದಿದ್ದರೆ ಜುಲೈನಲ್ಲೇ ಹಣ ಸಿಗುತ್ತಿತ್ತು, ಆದರೆ ಅದಕ್ಕೂ ಬೇಕಾದದ್ದು ಆಧಾರ್‌ನಲ್ಲಿ ನಡೆಯುವ ಮೊಬೈಲ್ ಸಂಖ್ಯೆಯೇ. ತಿಂಗಳ ಮೊದಲ ವಾರ ಕಳೆದ ಮೇಲೆ ಒಮ್ಮೆ ತೆರೆದು ನೋಡುತ್ತೇನೆ. ಸೆಪ್ಟೆಂಬರ್‌ನಲ್ಲಿ ನಾನು ನೋಡುವ ಮೊದಲೇ ಅಜ್ಜಿಯ ಫೋನ್ ಬಂತು, ಸಂಬಳ ಬಂದಿದೆ, ಪೋಸ್ಟಿನವನು ಬೆಳಿಗ್ಗೆ ಬಂದು ಕೊಟ್ಟು ಹೋದ ಎಂದು. ಆ್ಯಪ್ ತೆರೆದೆ. ಅದರಲ್ಲಿ ಇನ್ನೂ ಆಗಸ್ಟಿನ ಸಾಲೇ ಕೊನೆಯದಾಗಿತ್ತು.